ಮೂರು ಬಕೆಟ್‌ಗಳಲ್ಲಿ ನಿವೃತ್ತಿಯ ಹಣ: ತುಂಬಿಸುವುದು ಯಾವಾಗ?

ಪಿಂಚಣಿಯಿಲ್ಲದ ಕೆಲಸದಿಂದ ನಿವೃತ್ತರಾದವರ ಕೈಗೆ ಪಿಎಫ್, ಗ್ರಾಚ್ಯುಟಿ ಎಲ್ಲ ಸೇರಿ ಒಂದು ಇಡಿಗಂಟು ಬರುತ್ತದೆ. ಇನ್ನು ಇಪ್ಪತ್ತೈದು ಮೂವತ್ತು ವರ್ಷ ಅದೇ ಸಂಬಳ, ಅದೇ ಬೋನಸ್ಸು. ಪೂರ್ತಿ ಎಫ್.ಡಿ.ಯಲ್ಲಿಟ್ಟು ಬಡ್ಡಿ ತಿನ್ನುತ್ತಾ ಕೂತರೆ ಅಸಲು ಇದ್ದಷ್ಟೇ ಇರುತ್ತದೆ, ಬೆಲೆಗಳು ಮಾತ್ರ ಏರುತ್ತವೆ. ವರ್ಷಕ್ಕೆ ಶೇ 6ರ ಬೆಲೆಯೇರಿಕೆಯಲ್ಲಿ ಇವತ್ತಿನ 35 ಸಾವಿರದ ಮನೆಖರ್ಚು ಹನ್ನೆರಡು ವರ್ಷಕ್ಕೆ 70 ಸಾವಿರವಾಗುತ್ತದೆ. ಪೂರ್ತಿ ಷೇರಿಗೆ ಹಾಕಿದರೆ ಇನ್ನೊಂದು ಕಷ್ಟ: ಮಾರುಕಟ್ಟೆ ಬಿದ್ದ ವರ್ಷವೂ ಅಕ್ಕಿ, ಔಷಧಿಗೆ ಅದನ್ನೇ ಮಾರಬೇಕು.

ಈ ಇಕ್ಕಟ್ಟಿಗೆ ಅಮೆರಿಕದ ಹಣಕಾಸು ಸಲಹೆಗಾರ ಹೆರಾಲ್ಡ್ ಇವೆನ್ಸ್ಕಿ 1980ರ ದಶಕದಲ್ಲಿ ಒಂದು ಉಪಾಯ ಹೇಳಿದರು. ಹತ್ತಿರದ ವರ್ಷಗಳ ಖರ್ಚಿನ ಹಣವನ್ನು ನಗದಾಗಿ ಬೇರೆ ತೆಗೆದಿಡಿ, ಉಳಿದದ್ದು ಹೂಡಿಕೆಯಲ್ಲಿರಲಿ ಎಂಬುದು ಅವರ ಸಲಹೆ. ಮುಂದೆ ಈ ಎರಡು ಬಕೆಟ್‌ಗಳು ಮೂರಾದವು. ಮೊದಲನೆಯದರಲ್ಲಿ ಒಂದೆರಡು ವರ್ಷದ ಖರ್ಚಿಗೆ ನಗದು, ಎರಡನೆಯದರಲ್ಲಿ ಅದರ ನಂತರದ ಆರೇಳು ವರ್ಷಕ್ಕೆ ಬಡ್ಡಿ ತರುವ ಠೇವಣಿ ಮತ್ತು ಬಾಂಡು, ಮೂರನೆಯದರಲ್ಲಿ ಆಮೇಲಿನ ಕಾಲಕ್ಕೆ ಷೇರು.

ಲೆಕ್ಕ ಹಾಕಿ ನೋಡೋಣ. ಮೈಸೂರಿನಲ್ಲಿ ಸ್ವಂತ ಮನೆಯಿರುವ, 60ಕ್ಕೆ ನಿವೃತ್ತರಾದ ದಂಪತಿಯ ಹತ್ತಿರ ಒಂದು ಕೋಟಿ ರೂಪಾಯಿ ಇದೆ ಎಂದುಕೊಳ್ಳಿ. ತಿಂಗಳ ಖರ್ಚು 35 ಸಾವಿರ, ವರ್ಷಕ್ಕೆ 4.2 ಲಕ್ಷ. ಆಸ್ಪತ್ರೆಯ ಖರ್ಚಿಗೆ ವಿಮೆಯೂ ಸ್ವಲ್ಪ ಪ್ರತ್ಯೇಕ ಹಣವೂ ಇದೆ, ಅದು ಈ ಲೆಕ್ಕದಲ್ಲಿಲ್ಲ.

ಮೊದಲ ಬಕೆಟ್‌ಗೆ 9 ಲಕ್ಷ, ಅಂದರೆ ಎರಡು ವರ್ಷದ ಖರ್ಚು. ಇದು ಉಳಿತಾಯ ಖಾತೆ ಮತ್ತು ಬೇಕೆಂದಾಗ ಮುರಿಸಬಹುದಾದ ಎಫ್.ಡಿ.ಗಳಲ್ಲಿ ಇರುತ್ತದೆ. ಎರಡನೆಯದಕ್ಕೆ 36 ಲಕ್ಷ. ಅದರಲ್ಲಿ 30 ಲಕ್ಷ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹೋಗುತ್ತದೆ. ಒಬ್ಬರು ಇಡಬಹುದಾದ ಗರಿಷ್ಠ ಮೊತ್ತ ಅಷ್ಟೇ. ಉಳಿದ 6 ಲಕ್ಷ ಬ್ಯಾಂಕಿನ ಠೇವಣಿಗೆ. ಮೂರನೆಯ ಬಕೆಟ್‌ನ 55 ಲಕ್ಷ ನಿಫ್ಟಿ ಸೂಚ್ಯಂಕವನ್ನು ಅನುಸರಿಸುವ ಮ್ಯೂಚುವಲ್ ಫಂಡಿಗೆ.

ನಮ್ಮ ದೇಶದ ಎರಡನೆಯ ಬಕೆಟ್‌ಗೆ ಒಂದು ಅನುಕೂಲವಿದೆ. ಹಿರಿಯ ನಾಗರಿಕರ ಯೋಜನೆ ಮೂರು ತಿಂಗಳಿಗೊಮ್ಮೆ ಬಡ್ಡಿ ಕೊಡುತ್ತದೆ, ಖಾತೆ ತೆರೆದಾಗಿನ ದರವೇ ಐದು ವರ್ಷ ನಡೆಯುತ್ತದೆ. 2025ರ ದರ ಶೇ 8.2. ಅದರಂತೆ 30 ಲಕ್ಷಕ್ಕೆ ತಿಂಗಳ ಲೆಕ್ಕದಲ್ಲಿ 20,500 ರೂಪಾಯಿ ಬರುತ್ತದೆ. ಹಾಗಾಗಿ ಮೊದಲ ವರ್ಷ ನಗದಿನಿಂದ ತೆಗೆಯಬೇಕಾದ್ದು ತಿಂಗಳಿಗೆ 14,500 ಮಾತ್ರ. ಖರ್ಚು ವರ್ಷಕ್ಕೆ ಶೇ 6ರಷ್ಟು ಏರುತ್ತಾ ಹೋದರೂ, ಎರಡು ವರ್ಷಕ್ಕೆಂದು ಇಟ್ಟ 9 ಲಕ್ಷ ನಾಲ್ಕು ವರ್ಷ ಬರುತ್ತದೆ. ಐದನೆಯ ವರ್ಷದ ಕೊರತೆಯನ್ನು ಬ್ಯಾಂಕಿನ 6 ಲಕ್ಷ ತುಂಬುತ್ತದೆ. ಅಷ್ಟರಲ್ಲಿ ಅಂಚೆ ಕಚೇರಿಯ 30 ಲಕ್ಷ ಕೈಗೆ ಬರುತ್ತದೆ. ತೆರಿಗೆಯನ್ನೂ ಉಳಿದ ಠೇವಣಿಗಳ ಬಡ್ಡಿಯನ್ನೂ ಬದಿಗಿಟ್ಟು ಕೂಡಿ ಕಳೆದರೆ, ಒಂದೇ ಒಂದು ಷೇರು ಮಾರದೆ ಹತ್ತು ವರ್ಷ ಸಂಸಾರ ನಡೆಯುತ್ತದೆ. ಬೆಲೆಗಳು ವರ್ಷಕ್ಕೆ ಶೇ 10ರಂತೆ ಏರಿದರೂ ಒಂಬತ್ತು ವರ್ಷಕ್ಕೆ ಮೋಸವಿಲ್ಲ.

ಇಷ್ಟು ದೀರ್ಘ ಕಾಲ ಏಕೆ ಬೇಕು ಎಂಬುದಕ್ಕೆ 2008 ಉತ್ತರ ಕೊಡುತ್ತದೆ. ಆ ಜನವರಿಯಲ್ಲಿ ನಿಫ್ಟಿ 6,287ರಲ್ಲಿತ್ತು, ಅಕ್ಟೋಬರ್ ಕೊನೆಗೆ ಸುಮಾರು 2,520ಕ್ಕೆ ಇಳಿಯಿತು. ಅಂದರೆ 55 ಲಕ್ಷ 22 ಲಕ್ಷವಾಯಿತು. 4.2 ಲಕ್ಷ ಬೇಕೆಂದು ಆಗ ಮಾರಿದರೆ ಇರುವ ಯೂನಿಟ್‌ಗಳಲ್ಲಿ ಶೇ 19ರಷ್ಟು ಕೈಬಿಡುತ್ತವೆ. ಜನವರಿಯ ಬೆಲೆಗೆ ಶೇ 8 ಕೂಡ ಬೇಕಾಗುತ್ತಿರಲಿಲ್ಲ. ಮುಂದೆ ಮಾರುಕಟ್ಟೆ ಎಷ್ಟೇ ಏರಿದರೂ ಮಾರಿದ ಯೂನಿಟ್‌ಗಳು ಮರಳಿ ಬರುವುದಿಲ್ಲ. ಬಿತ್ತನೆಯ ಭತ್ತವನ್ನು ಕುಟ್ಟಿ ಉಂಡ ಹಾಗೆ. ನಿಫ್ಟಿ 2010ರ ನವೆಂಬರ್‌ನಲ್ಲಿ ಹಳೆಯ ಮಟ್ಟವನ್ನೊಮ್ಮೆ ಮುಟ್ಟಿ ಮತ್ತೆ ಜಾರಿತು. ಅದನ್ನು ದಾಟಿದ್ದು 2013ರ ಕೊನೆಯ ಹೊತ್ತಿಗೆ. ಎರಡು ವರ್ಷದ ನಗದನ್ನಷ್ಟೇ ನಂಬಿದವರಿಗೆ ಈ ಸುಮಾರು ಆರು ವರ್ಷ ದಾಟುವುದು ಕಷ್ಟ. 2020ರ ಮಾರ್ಚ್‌ನ ಕುಸಿತ ಅದೇ ನವೆಂಬರ್‌ಗೆ ಸರಿಹೋಯಿತು ನಿಜ, ಆದರೆ ಮುಂದಿನ ಕುಸಿತ ಯಾವುದರ ಹಾಗಿರುತ್ತದೆಂದು ಮೊದಲೇ ತಿಳಿಯುವುದಿಲ್ಲ.

ಬಕೆಟ್‌ಗಳನ್ನು ಹಂಚಿಡುವುದು ಒಂದು ದಿನದ ಕೆಲಸ. ಹೆಚ್ಚಿನವರು ಎಡವುವುದು ಮತ್ತೆ ತುಂಬಿಸುವಲ್ಲಿ. ಮೇಲಿನ ದಂಪತಿ ಹತ್ತು ವರ್ಷ ಷೇರು ಮುಟ್ಟದೆ ಕೂತರೆ, ಎಪ್ಪತ್ತನೆಯ ವಯಸ್ಸಿಗೆ ಮೊದಲ ಎರಡೂ ಬಕೆಟ್ ಬರಿದು, ಇದ್ದಬದ್ದದ್ದೆಲ್ಲ ಷೇರಿನಲ್ಲಿ. ಆ ವರ್ಷವೇ ಮಾರುಕಟ್ಟೆ ಬಿದ್ದರೆ ತಪ್ಪಿಸಿಕೊಳ್ಳಲು ದಾರಿಯಿಲ್ಲ.

ಆದ್ದರಿಂದ ವರ್ಷಕ್ಕೊಮ್ಮೆ, ಏಪ್ರಿಲ್‌ನಲ್ಲಿ ಎಂದಿಟ್ಟುಕೊಳ್ಳಿ, ಒಂದು ನಿಯಮದಂತೆ ನಡೆಯಬೇಕು. ಷೇರಿನ 55 ಲಕ್ಷ ಬೆಲೆಯೇರಿಕೆಯಷ್ಟು ಬೆಳೆದಿದ್ದರೆ ವರ್ಷದ ಬಳಿಕ 58.3 ಲಕ್ಷ ಇರಬೇಕು. ಇದೇ ಆ ವರ್ಷದ ಗುರಿ. ಮಾರುಕಟ್ಟೆ ಶೇ 12 ಏರಿ 61.6 ಲಕ್ಷವಾಗಿದ್ದರೆ, ಹೆಚ್ಚುವರಿ 3.3 ಲಕ್ಷ ಮಾರಿ ಎರಡನೆಯ ಬಕೆಟ್‌ಗೆ ಹಾಕಿ. ಒಳ್ಳೆಯ ವರ್ಷದಲ್ಲೂ ಒಂದು ವರ್ಷದ ಖರ್ಚಿಗಿಂತ ಹೆಚ್ಚು ಮಾರುವುದು ಬೇಡ. ಗುರಿಗಿಂತ ಕಡಿಮೆ ಇದ್ದರೆ ಆ ವರ್ಷ ಮಾರಾಟವೇ ಇಲ್ಲ. ಹೀಗೆ ಸ್ವಲ್ಪ ಸ್ವಲ್ಪವೇ ಮಾರಿದರೆ ತೆರಿಗೆಯೂ ಹಗುರ. ಒಂದು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡ ಷೇರು ಫಂಡಿನ ಲಾಭಕ್ಕೆ 2024ರ ಜುಲೈಯಿಂದ ಶೇ 12.5 ತೆರಿಗೆ ಇದೆ, ಆದರೆ ವರ್ಷಕ್ಕೆ 1.25 ಲಕ್ಷದವರೆಗಿನ ಲಾಭಕ್ಕೆ ಇಲ್ಲ. ಮೇಲಿನ 3.3 ಲಕ್ಷದಲ್ಲಿ ಲಾಭದ ಪಾಲು ಸುಮಾರು 35 ಸಾವಿರ ಮಾತ್ರ.

ಮೊದಲೆರಡು ಬಕೆಟ್‌ಗಳಲ್ಲಿ ಹೆಚ್ಚು ಬಡ್ಡಿಯ ಆಸೆ ಇನ್ನೊಂದು ಅಪಾಯ. ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ, ಠೇವಣಿದಾರರು ತೆಗೆಯಬಹುದಾಗಿದ್ದದ್ದು 35 ಸಾವಿರ ರೂಪಾಯಿ ಮಾತ್ರ. ಅವರಲ್ಲಿ ನಿವೃತ್ತರು ಅನೇಕರಿದ್ದರು. ಅದೇ ಏಪ್ರಿಲ್‌ನಲ್ಲಿ ಫ್ರಾಂಕ್ಲಿನ್ ಟೆಂಪಲ್ಟನ್ ಸಂಸ್ಥೆ ತನ್ನ ಆರು ಸಾಲಪತ್ರ ಫಂಡುಗಳನ್ನು ಮುಚ್ಚಿತು. ಒಂದು ಬ್ಯಾಂಕಿನಲ್ಲಿ ಒಬ್ಬರ ಠೇವಣಿಗೆ ಬಡ್ಡಿ ಸೇರಿ 5 ಲಕ್ಷದವರೆಗೆ ಮಾತ್ರ ವಿಮೆಯಿದೆ, ಆದ್ದರಿಂದ ನಗದನ್ನು ಎರಡು ಬ್ಯಾಂಕಿಗೆ ಹಂಚುವುದು ಜಾಣತನ. ಈ ಬಕೆಟ್‌ಗಳ ಹಣ ಬೇಕೆಂದ ದಿನ ಕೈಗೆ ಸಿಗಬೇಕು, ಬಡ್ಡಿ ಆಮೇಲಿನ ಮಾತು.

ಈ ವಿಧಾನಕ್ಕೂ ಮಿತಿಯಿದೆ. ಲೆಕ್ಕದ ದೃಷ್ಟಿಯಿಂದ ಇದು ಠೇವಣಿಗೆ 45, ಷೇರಿಗೆ 55 ಎಂದು ಹಂಚಿದ ಸಾಮಾನ್ಯ ಹೂಡಿಕೆಗಿಂತ ಹೆಚ್ಚು ಭಿನ್ನವಲ್ಲ. ಲಾಭವಿರುವುದು ಕುಸಿತದಲ್ಲಿ ಗಾಬರಿಗೊಂಡು ಮಾರದಂತೆ ತಡೆಯುವುದರಲ್ಲಿ. ಜಪಾನಿನ ನಿಕ್ಕೈ ಸೂಚ್ಯಂಕ 1989ರ ಶಿಖರವನ್ನು ಮತ್ತೆ ದಾಟಿದ್ದು 2024ರಲ್ಲಿ. ಅಂಥ ಕಾಲಕ್ಕೆ ಹತ್ತು ವರ್ಷದ ಆಸರೆಯೂ ಸಾಲದು. ಒಂದು ಕೋಟಿಯಿಂದ ವರ್ಷಕ್ಕೆ ಎಂಟು ಲಕ್ಷ ತೆಗೆಯುವವರನ್ನೂ ಯಾವ ಬಕೆಟ್ಟೂ ಕಾಯುವುದಿಲ್ಲ. ಹಣ ಹಂಚುವ ಮೊದಲು ವರ್ಷದ ಖರ್ಚನ್ನು ಒಟ್ಟು ಹಣದಿಂದ ಭಾಗಿಸಿ ನೋಡಿ. ನೂರಕ್ಕೆ ನಾಲ್ಕರ ಆಸುಪಾಸಿನಲ್ಲಿದ್ದರೆ ಮೂರು ಬಕೆಟ್‌ಗಳಿಗೆ ಕೈಹಾಕಬಹುದು, ಏಳೆಂಟು ಬಂದರೆ ಮೊದಲು ಬದಲಾಗಬೇಕಾದ್ದು ಖರ್ಚು.