ಹರಳೆಣ್ಣೆಯಲ್ಲಿ ಮಾಯವಾಗುವ ಗಾಜಿನ ಕಡ್ಡಿ

ಹತ್ತನೆಯ ತರಗತಿಗೆ ಬೆಳಕಿನ ಪಾಠ ಮಾಡುವಾಗ ಬೋರೋಸಿಲಿಕೇಟ್ ಗಾಜಿನ ಕಡ್ಡಿಯೊಂದನ್ನು ಮೊದಲು ನೀರಿನಲ್ಲಿ, ಆಮೇಲೆ ಸೂರ್ಯಕಾಂತಿ ಎಣ್ಣೆಯಲ್ಲಿ ಮುಳುಗಿಸಿ ತೋರಿಸಿದೆ. ನೀರಿನಲ್ಲಿ ಕಡ್ಡಿ ಮಸುಕಾಗಿಯಾದರೂ ಕಂಡಿತು. ಎಣ್ಣೆಯಲ್ಲಿ ಮುಳುಗಿದ ಭಾಗ ಕಾಣಲೇ ಇಲ್ಲ. "ಎಣ್ಣೆ ಮಂದ ಅಲ್ವಾ ಮಿಸ್, ಅದಕ್ಕೇ ಮುಚ್ಚಿಬಿಟ್ಟಿದೆ" ಎಂದಳು ಮುಂದಿನ ಬೆಂಚಿನ ಹುಡುಗಿ. ಬೀಕರಿನ ಹಿಂದೆ ಪಠ್ಯಪುಸ್ತಕ ಹಿಡಿದೆ. ಎಣ್ಣೆಯ ಮೂಲಕ ಅಕ್ಷರಗಳು ಕಂಡವು. ಎಣ್ಣೆ ಏನನ್ನೂ ಮುಚ್ಚಿಲ್ಲವೆಂದರೆ ಕಡ್ಡಿ ಎಲ್ಲಿ ಹೋಯಿತು?

ಪಾರದರ್ಶಕ ವಸ್ತು ಕಣ್ಣಿಗೆ ಕಾಣುವುದು ಅದರ ಅಂಚಿನಿಂದ. ಗಾಳಿಯಿಂದ ಗಾಜಿಗೆ ನೇರವಾಗಿ ಬೀಳುವ ಬೆಳಕಿನಲ್ಲಿ ನೂರಕ್ಕೆ ಸುಮಾರು 4 ಭಾಗ ಮೇಲ್ಮೈಯಲ್ಲೇ ಪ್ರತಿಫಲಿಸುತ್ತದೆ, ಉಳಿದದ್ದು ಒಳಹೋಗುತ್ತದೆ, ಓರೆಯಾಗಿ ಬಿದ್ದರೆ ಬಾಗುತ್ತದೆ. ಆ ಹೊಳಪು ಮತ್ತು ಬಾಗುವಿಕೆಗಳೇ ನಮಗೆ 'ಗಾಜು' ಎಂದು ತೋರುವುದು. ಎರಡಕ್ಕೂ ಕಾರಣ ಎರಡು ಮಾಧ್ಯಮಗಳಲ್ಲಿ ಬೆಳಕಿನ ವೇಗ ಬೇರೆಯಾಗಿರುವುದು. ನೀರಿನ ವಕ್ರೀಭವನ ಸೂಚ್ಯಂಕ 1.33, ಈ ಗಾಜಿನದು ಸುಮಾರು 1.47. ವ್ಯತ್ಯಾಸ ಕಡಿಮೆಯಾದ್ದರಿಂದ ನೀರಿನೊಳಗೆ ಪ್ರತಿಫಲನ ನೂರಕ್ಕೆ ಕಾಲು ಭಾಗಕ್ಕೆ ಇಳಿಯುತ್ತದೆ. ಸೂಚ್ಯಂಕಗಳು ಸಮವಾದರೆ ಪ್ರತಿಫಲನವೂ ಇಲ್ಲ, ಬಾಗುವಿಕೆಯೂ ಇಲ್ಲ. ಬೆಳಕಿನ ಮಟ್ಟಿಗೆ ಅಲ್ಲಿ ಗಡಿಯೇ ಇರುವುದಿಲ್ಲ.

ಹಾಗಿದ್ದರೆ ಇದನ್ನು ತಿರುಗಿಸಿ ಬಳಸಬಹುದು. ಕಡ್ಡಿ ಮಾಯವಾದ ಕ್ಷಣದಲ್ಲಿ ಎಣ್ಣೆಯ ಸೂಚ್ಯಂಕ ಗೊತ್ತಿದ್ದರೆ ಅದೇ ಗಾಜಿನ ಸೂಚ್ಯಂಕ. ದುಂಡನೆಯ ಕಡ್ಡಿಯ ಸೂಚ್ಯಂಕವನ್ನು ಗಾಜಿನ ಚಪ್ಪಡಿಯದರಂತೆ ಗುಂಡುಸೂಜಿ ಚುಚ್ಚಿ ಅಳೆಯಲಾಗುವುದಿಲ್ಲವಾದ್ದರಿಂದ ಈ ದಾರಿ ಉಪಯುಕ್ತ.

ಇದಕ್ಕೆ ನಾನು ಆರಿಸಿಕೊಂಡದ್ದು ಹರಳೆಣ್ಣೆ. ಕೋಣೆಯ ತಾಪದಲ್ಲಿ ಅದರ ಸೂಚ್ಯಂಕ ಈ ಗಾಜಿಗಿಂತ ತುಸು ಹೆಚ್ಚು. ಬಿಸಿ ಮಾಡಿದಾಗ ಎಣ್ಣೆ ಹಿಗ್ಗಿ, ಪ್ರತಿ ಡಿಗ್ರಿಗೆ ಸೂಚ್ಯಂಕ ಸುಮಾರು 0.0004 ಇಳಿಯುತ್ತದೆ. ಗಾಜಿನದು ಲೆಕ್ಕಕ್ಕೆ ಬಾರದಷ್ಟು ಮಾತ್ರ ಬದಲಾಗುತ್ತದೆ. ಆದ್ದರಿಂದ ಎಣ್ಣೆಗಳನ್ನು ಬೆರೆಸುತ್ತಾ ಕೂರಬೇಕಿಲ್ಲ, ತಾಪ ಬದಲಿಸಿದರೆ ಸಾಕು. ಅಪರಾಧ ಸ್ಥಳದ ಗಾಜಿನ ಚೂರುಗಳನ್ನು ಹೋಲಿಸಲು ವಿಧಿವಿಜ್ಞಾನ ಪ್ರಯೋಗಾಲಯಗಳೂ ಸಿಲಿಕೋನ್ ಎಣ್ಣೆಯನ್ನು ಹೀಗೆಯೇ ಬಿಸಿ ಮಾಡುತ್ತವೆ.

ಮೊದಲು ಎಣ್ಣೆಯ ಸೂಚ್ಯಂಕ ಬೇಕು. 60° ಕೋನದ ಟೊಳ್ಳು ಪಟ್ಟಕದಲ್ಲಿ ಹರಳೆಣ್ಣೆ ತುಂಬಿ, ಸೋಡಿಯಂ ದೀಪದ ಬೆಳಕಿನಲ್ಲಿ ಸ್ಪೆಕ್ಟ್ರೋಮೀಟರಿನಿಂದ ಕನಿಷ್ಠ ವಿಚಲನ ಕೋನ ಅಳೆದೆವು. 27°C ತಾಪದಲ್ಲಿ ಅದು 35°10′ ಬಂತು.

n = sin((A+D)/2) / sin(A/2) = sin 47°35′ / sin 30° = 0.7383 / 0.5 ≈ 1.4765

ಇನ್ನು ಕಡ್ಡಿಯ ಸರದಿ. ಬೀಕರಿನ ಹಿಂಬದಿಗೆ ಓರೆಯಾದ ಕಪ್ಪು ಗೆರೆ ಎಳೆದ ಕಾಗದ ಅಂಟಿಸಿ, ಎಣ್ಣೆಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು 45°C ಗೆ ಏರಿಸಿ ಹೊರತೆಗೆದೆವು. ಕಡ್ಡಿಯನ್ನು ನೆಟ್ಟಗೆ ನಿಲ್ಲಿಸಿ, ಪಕ್ಕದಲ್ಲೇ ತಾಪಮಾಪಕ ಇಟ್ಟು, ಮೆಲ್ಲಗೆ ಕಲಕುತ್ತಾ ತಣಿಯಲು ಬಿಟ್ಟೆವು. ಕಲಕದಿದ್ದರೆ ಬಿಸಿ ಪದರ, ತಣ್ಣನೆ ಪದರ ಬೇರೆಯಾಗಿ ಎಣ್ಣೆಯೇ ಬಿಸಿಲುಗುದುರೆಯಂತೆ ನಡುಗುತ್ತದೆ. ಜೋರಾಗಿ ಕಲಕಿದರೆ ಗುಳ್ಳೆಗಳು ಕಡ್ಡಿಗೆ ಅಂಟಿ ಅದರ ಗುಟ್ಟು ಬಿಟ್ಟುಕೊಡುತ್ತವೆ.

ಗೆರೆ ಯಾಕೆಂದರೆ, 'ಮಾಯವಾಯಿತು' ಎಂಬುದು ಒಬ್ಬೊಬ್ಬರ ಕಣ್ಣಿಗೆ ಒಂದೊಂದು ತಾಪದಲ್ಲಿ ಆಗುತ್ತದೆ. ಗೆರೆಯಾದರೆ ಯಾವ ಕಡೆ ಇದ್ದೇವೆಂದೂ ಹೇಳುತ್ತದೆ. ಎಣ್ಣೆ ಬಿಸಿಯಾಗಿದ್ದಾಗ ಅದರ ಸೂಚ್ಯಂಕ ಗಾಜಿಗಿಂತ ಕಡಿಮೆ. ಆಗ ಕಡ್ಡಿ ಪೀನ ಮಸೂರದಂತೆ ವರ್ತಿಸಿ ಗೆರೆಯನ್ನು ಅಡ್ಡಡ್ಡ ಹಿಗ್ಗಿಸುವುದರಿಂದ, ಕಡ್ಡಿಯೊಳಗಿನ ತುಂಡು ಇನ್ನಷ್ಟು ಮಲಗಿದಂತೆ ಕಾಣುತ್ತದೆ. ಎಣ್ಣೆ ತಣಿದು ಸೂಚ್ಯಂಕ ಗಾಜಿನದನ್ನು ದಾಟಿದ ಮೇಲೆ ಕಡ್ಡಿ ನಿಮ್ನ ಮಸೂರದಂತಾಗಿ ಅದೇ ತುಂಡು ನೆಟ್ಟಗಾಗುತ್ತದೆ. ನಡುವೆ, ಗೆರೆ ಮುರಿಯದೆ ಒಂದೇ ನೇರದಲ್ಲಿ ಹಾಯುವಾಗ ತಾಪ ಓದಿಕೊಳ್ಳಬೇಕು. ನಮಗೆ ಅದು 34°C ಸುಮಾರಿಗೆ ಬಂತು. 27 ರಿಂದ 7 ಡಿಗ್ರಿ ಹೆಚ್ಚು, ಅಂದರೆ ಸೂಚ್ಯಂಕ 0.0028 ಕಡಿಮೆ:

1.4765 − 0.0028 = 1.4737

ಗೆರೆ ನೇರವಾಗಿದೆಯೋ ಇಲ್ಲವೋ ಎಂಬ ಅನುಮಾನ 32 ರಿಂದ 36 ಡಿಗ್ರಿಯವರೆಗೂ ಇತ್ತು. ಈ ಎರಡು ಡಿಗ್ರಿಯ ಅತ್ತಿತ್ತ 0.0008 ಆಗುತ್ತದೆ. ಹಾಗಾಗಿ ಕೊನೆಯ ಅಂಕಿಯನ್ನು ನಂಬದೆ 1.474 ಎಂದು ಬರೆದುಕೊಂಡೆವು. ಬೋರೋಸಿಲಿಕೇಟ್ ಗಾಜಿಗೆ ಸಾಮಾನ್ಯವಾಗಿ ಕೊಡುವ ಬೆಲೆಯೂ ಇದೇ.

ಕಡ್ಡಿಯನ್ನು ನೋಡುವಾಗಲೂ ಸೋಡಿಯಂ ದೀಪವೇ ಇರಲಿ. ಬಿಳಿ ಬೆಳಕಿನಲ್ಲಿ ಕಡ್ಡಿ ಪೂರ್ತಿ ಅಳಿಸಿಹೋಗದೆ ಅಂಚಿನಲ್ಲಿ ತೆಳು ಬಣ್ಣ ಉಳಿಯುತ್ತದೆ. ಎಣ್ಣೆ ಬಣ್ಣಗಳನ್ನು ಗಾಜಿಗಿಂತ ಹೆಚ್ಚು ಚದುರಿಸುತ್ತದೆ, ಹಳದಿಗೆ ಹೊಂದಿಕೆಯಾದ ತಾಪದಲ್ಲಿ ನೀಲಿಗೆ ಹೊಂದಿಕೆ ಇರುವುದಿಲ್ಲ. ಮಕ್ಕಳಿಗೆ ಬೇಕೆಂದೇ ಒಮ್ಮೆ ಬಿಳಿ ಬೆಳಕಿನಲ್ಲೂ ತೋರಿಸಬಹುದು.

ಶಾಲೆಯ ಪ್ರಯೋಗಾಲಯದಲ್ಲಿರುವ ಕಡ್ಡಿ ಹಲವು ಸಲ ಸೋಡಾ ಗಾಜಿನದಾಗಿರುತ್ತದೆ. ಅದರ ಸೂಚ್ಯಂಕ 1.51 ರಿಂದ 1.52. ಹರಳೆಣ್ಣೆಯನ್ನು ಎಷ್ಟು ಬಿಸಿ ಮಾಡಿದರೂ ಅದು ಮಾಯವಾಗದು, ಇನ್ನೂ ಎದ್ದು ಕಾಣುತ್ತದೆ. ಪಾಠದ ಹಿಂದಿನ ದಿನವೇ ಕಡ್ಡಿಯನ್ನು ಸೂರ್ಯಕಾಂತಿ ಎಣ್ಣೆಯಲ್ಲಿ ಅದ್ದಿ ನೋಡಿಕೊಂಡರೆ ಯಾವ ಗಾಜೆಂದು ಗೊತ್ತಾಗಿಬಿಡುತ್ತದೆ.