ಪರೀಕ್ಷಾ ಕೇಂದ್ರ ಬದಲಾವಣೆಗೆ ಬರೆಯುವ ಇಮೇಲ್

ಪರೀಕ್ಷಾ ಕೇಂದ್ರ ಬದಲಾಗುವುದೆಂದರೆ, ವಿದ್ಯಾರ್ಥಿಯ ಹೆಸರು ಒಂದು ಊರಿನ ಪಟ್ಟಿಯಿಂದ ತೆಗೆದು ಇನ್ನೊಂದು ಊರಿನ ಪಟ್ಟಿಗೆ ಸೇರುವುದು. ಪ್ರತಿ ಕೇಂದ್ರಕ್ಕೆ ಎಷ್ಟು ಪ್ರಶ್ನೆಪತ್ರಿಕೆ ಕಳಿಸಬೇಕು, ಯಾವ ಕೊಠಡಿಯಲ್ಲಿ ಎಷ್ಟು ಜನ ಕೂರಬೇಕು, ಹಾಜರಿ ಹಾಳೆಯಲ್ಲಿ ಯಾರ ಹೆಸರಿರಬೇಕು ಎಂಬುದೆಲ್ಲ ಈ ಪಟ್ಟಿಯಿಂದಲೇ ತೀರ್ಮಾನವಾಗುತ್ತದೆ. ಹೀಗಾಗಿ ಪಟ್ಟಿ ಅಂತಿಮವಾಗುವ ಮೊದಲು ಬಂದ ಕೋರಿಕೆಯನ್ನು ಈಡೇರಿಸುವುದು ಸುಲಭ. ಪ್ರವೇಶ ಪತ್ರ ಹೊರಬಿದ್ದ ಮೇಲೆ ಬಂದದ್ದು, ಕಾರಣ ಎಷ್ಟೇ ನ್ಯಾಯವಾಗಿದ್ದರೂ, ಬಹಳ ಕಡೆ ಅಲ್ಲೇ ನಿಲ್ಲುತ್ತದೆ.

ಶಾಲಾ ವಿದ್ಯಾರ್ಥಿಗಳ ದಾರಿ ಬೇರೆ. ಎಸ್ಸೆಸ್ಸೆಲ್ಸಿ ವಿದ್ಯಾರ್ಥಿಯ ವಿವರ ಮಂಡಳಿಗೆ ಹೋಗುವುದು ಶಾಲೆಯ ಮೂಲಕ. ಆದ್ದರಿಂದ ಪೋಷಕರು ಮೊದಲು ಕಾಣಬೇಕಾದವರು ಮುಖ್ಯೋಪಾಧ್ಯಾಯರನ್ನು. 2020ರಲ್ಲಿ ಲಾಕ್‌ಡೌನ್‌ನಿಂದ ಊರಿಗೆ ಮರಳಿದ್ದ ಮಕ್ಕಳಿಗೆ ತಾವಿದ್ದ ಕಡೆಯೇ ಪರೀಕ್ಷೆ ಬರೆಯಲು ಕರ್ನಾಟಕದಲ್ಲಿ ಅವಕಾಶ ಸಿಕ್ಕಿತ್ತಾದರೂ ಅದು ವಿಶೇಷ ಸಂದರ್ಭ. ವಿದ್ಯಾರ್ಥಿ ತಾನೇ ನೇರವಾಗಿ ಪರೀಕ್ಷಾ ವಿಭಾಗಕ್ಕೆ ಬರೆಯುವ ಸಂದರ್ಭ ಹೆಚ್ಚಾಗಿ ಬರುವುದು ದೂರಶಿಕ್ಷಣದಲ್ಲಿ.

ಹಾಸನದ ಕೇಂದ್ರವನ್ನು ಆರಿಸಿ ಪರೀಕ್ಷಾ ಶುಲ್ಕ ಕಟ್ಟಿದ ಬಿ.ಎ. ವಿದ್ಯಾರ್ಥಿನಿಯೊಬ್ಬಳ ತಂದೆಗೆ ಕಲಬುರಗಿಗೆ ವರ್ಗವಾಯಿತೆಂದು ಇಟ್ಟುಕೊಳ್ಳೋಣ. ಪರೀಕ್ಷೆಗೆ ಇನ್ನೂ ಒಂದೂವರೆ ತಿಂಗಳಿದೆ. ಅವಳ ಇಮೇಲ್ ಓದುವ ಗುಮಾಸ್ತರ ಮುಂದೆ ಅಂಥ ಹತ್ತಾರು ಪತ್ರಗಳಿರುತ್ತವೆ. ಅವರು ಮೊದಲು ಹುಡುಕುವುದು ನೋಂದಣಿ ಸಂಖ್ಯೆಯನ್ನು. ಅದು ವಿಷಯದ ಸಾಲಿನಲ್ಲೇ ಇದ್ದರೆ ಪತ್ರ ತೆರೆಯುವ ಮೊದಲೇ ದಾಖಲೆ ಸಿಗುತ್ತದೆ: ‘ಪರೀಕ್ಷಾ ಕೇಂದ್ರ ಬದಲಾವಣೆ ಕೋರಿಕೆ: ಹಾಸನದಿಂದ ಕಲಬುರಗಿಗೆ, ಬಿ.ಎ. ದ್ವಿತೀಯ ವರ್ಷ, ನೋಂದಣಿ ಸಂಖ್ಯೆ’ ಎಂದು ಬರೆದು ಮುಂದೆ ಸಂಖ್ಯೆ ಸೇರಿಸಬೇಕು. ಒಕ್ಕಣೆ ಇಷ್ಟಿದ್ದರೆ ಸಾಕು:

‘ಮಾನ್ಯರೇ, ಮುಂಬರುವ ಪರೀಕ್ಷೆಗೆ ನಾನು ಹಾಸನ ಕೇಂದ್ರವನ್ನು ಆಯ್ದುಕೊಂಡು ಶುಲ್ಕ ಪಾವತಿಸಿದ್ದೇನೆ. ತಂದೆಯವರಿಗೆ ಕಲಬುರಗಿಗೆ ವರ್ಗಾವಣೆಯಾಗಿದ್ದು, ನಮ್ಮ ಕುಟುಂಬ ಅಲ್ಲಿ ನೆಲೆಸಿದೆ. ನಾನು ಬರೆಯಬೇಕಾದ ಎಲ್ಲ ಪತ್ರಿಕೆಗಳಿಗೂ ಕಲಬುರಗಿ ಕೇಂದ್ರವನ್ನು ನೀಡಬೇಕಾಗಿ ಕೋರುತ್ತೇನೆ. ಪತ್ರಿಕೆಗಳ ಪಟ್ಟಿ, ಶುಲ್ಕ ರಸೀದಿ, ವರ್ಗಾವಣೆ ಆದೇಶ ಮತ್ತು ಬಾಡಿಗೆ ಕರಾರಿನ ಪ್ರತಿಗಳನ್ನು ಲಗತ್ತಿಸಿದ್ದೇನೆ.’

ಇದರ ಕೆಳಗೆ ಅಂಕಪಟ್ಟಿಯಲ್ಲಿರುವಂತೆಯೇ ಪೂರ್ಣ ಹೆಸರು, ಫೋನ್ ನಂಬರ್ ಮತ್ತು ಹೊಸ ವಿಳಾಸ ಇರಬೇಕು. ಪ್ರವೇಶಾತಿಯ ವೇಳೆ ಕೊಟ್ಟಿದ್ದ ಇಮೇಲ್‌ನಿಂದಲೇ ಕಳಿಸುವುದು ಒಳ್ಳೆಯದು. ಅಣ್ಣನದೋ ಸೈಬರ್ ಸೆಂಟರಿನದೋ ವಿಳಾಸದಿಂದ ಬಂದ ಪತ್ರವನ್ನು ವಿದ್ಯಾರ್ಥಿಯೇ ಬರೆದದ್ದೆಂದು ನಂಬಲು ಕಚೇರಿಗೆ ಆಧಾರವಿರುವುದಿಲ್ಲ.

ಲಗತ್ತಿಸುವ ದಾಖಲೆ ಎರಡು ವಿಷಯಗಳನ್ನು ತೋರಿಸಬೇಕು: ಮನೆ ಬದಲಾದದ್ದು ಯಾವಾಗ, ಮತ್ತು ಆ ಮನೆಗೂ ವಿದ್ಯಾರ್ಥಿಗೂ ಇರುವ ಸಂಬಂಧ. ವರ್ಗಾವಣೆ ಆದೇಶದಲ್ಲಿ ದಿನಾಂಕವಿರುತ್ತದೆ, ಮಗಳ ಹೆಸರಿರುವುದಿಲ್ಲ. ತಂದೆಯ ಹೆಸರಿರುವ ಅವಳದೇ ಒಂದು ಗುರುತಿನ ದಾಖಲೆ ಆ ಕೊರತೆಯನ್ನು ತುಂಬುತ್ತದೆ. ಆಧಾರ್‌ನಲ್ಲಿ ಇನ್ನೂ ಹಳೇ ವಿಳಾಸವಿದ್ದರೆ ಅದನ್ನು ಮುಚ್ಚಿಡದೆ ಒಂದು ಸಾಲಿನಲ್ಲಿ ಹೇಳಿಬಿಡಬೇಕು. ಇಲ್ಲವಾದರೆ ದಾಖಲೆಗಳು ಒಂದಕ್ಕೊಂದು ತಾಳೆಯಾಗದೆ ಪತ್ರ ವಾಪಸಾಗಬಹುದು.

ಕೇಳುವ ರೀತಿಯಲ್ಲೂ ಎಡವುವವರಿದ್ದಾರೆ. ಮನೆಗೆ ಹತ್ತಿರದ ಕಾಲೇಜಿನ ಹೆಸರು ಹೇಳಿ ಅಲ್ಲೇ ಬೇಕೆಂದರೆ, ಆ ಕಾಲೇಜು ಕೇಂದ್ರವೇ ಅಲ್ಲದಿರಬಹುದು. ಊರನ್ನು ಕೇಳಬೇಕು, ಕಟ್ಟಡವನ್ನಲ್ಲ. ‘ನನ್ನ ಸೆಂಟರ್ ಬದಲಿಸಿ’ ಎಂದಷ್ಟೇ ಬರೆದರೆ ಅದು ಅಧ್ಯಯನ ಕೇಂದ್ರವೋ ಪರೀಕ್ಷಾ ಕೇಂದ್ರವೋ ತಿಳಿಯದು. ಇವೆರಡನ್ನೂ ಬೇರೆ ಬೇರೆ ಶಾಖೆಗಳು ನೋಡಿಕೊಳ್ಳುವುದುಂಟು. ಪ್ರಾಯೋಗಿಕ ಪರೀಕ್ಷೆ ಇರುವ ಕೋರ್ಸುಗಳಲ್ಲಿ ಹೊಸ ಊರಿನಲ್ಲಿ ಆ ಪ್ರಯೋಗಾಲಯ ಇದೆಯೇ ಎಂದು ಮೊದಲೇ ವಿಚಾರಿಸಬೇಕಾಗುತ್ತದೆ.

ಪತ್ರ ತಲುಪಿದೆ ಎಂಬ ಉತ್ತರ ಬಂದ ಮಾತ್ರಕ್ಕೆ ಒಪ್ಪಿಗೆ ಸಿಕ್ಕಿತೆಂದಲ್ಲ. ಕೇಂದ್ರ ಬದಲಾಗಿದೆ ಎನ್ನಲು ಇರುವ ಗಟ್ಟಿ ಗುರುತು, ಹೊಸ ಕೇಂದ್ರದ ಹೆಸರಿರುವ ಪ್ರವೇಶ ಪತ್ರ. ಮೊದಲೇ ಡೌನ್‌ಲೋಡ್ ಮಾಡಿಟ್ಟ ಪತ್ರದಲ್ಲಿ ಹಳೇ ಕೇಂದ್ರವೇ ಇರುವುದರಿಂದ ಅದನ್ನು ಮತ್ತೊಮ್ಮೆ ತೆಗೆಯಬೇಕು. ವಾರ ಕಳೆದರೂ ಸುದ್ದಿಯಿಲ್ಲದಿದ್ದರೆ ಅದೇ ಇಮೇಲ್‌ಗೆ ಉತ್ತರವಾಗಿ ನೆನಪೋಲೆ ಕಳಿಸಿ ಫೋನ್ ಮಾಡಬೇಕು. ಹೊಸದಾಗಿ ಮತ್ತೆ ಮತ್ತೆ ಬರೆದರೆ ಒಂದೇ ಕೋರಿಕೆ ಹಲವರ ಮೇಜಿನಲ್ಲಿ ಚದುರಿಹೋಗುತ್ತದೆ. ಪರೀಕ್ಷೆಯ ಹಿಂದಿನ ದಿನದವರೆಗೂ ಪ್ರವೇಶ ಪತ್ರದಲ್ಲಿ ಹಾಸನವೇ ಇದ್ದರೆ ಹಾಸನಕ್ಕೇ ಹೋಗಬೇಕು. ಪಟ್ಟಿಯಲ್ಲಿ ಹೆಸರಿಲ್ಲದವರನ್ನು ಕಲಬುರಗಿಯ ಮುಖ್ಯ ಅಧೀಕ್ಷಕರು ಒಳಗೆ ಬಿಡದಿರಬಹುದು.

ಕೇಂದ್ರ ಬದಲಾಗಿ ಪರೀಕ್ಷೆ ಮುಗಿದ ಮೇಲೂ ಒಂದು ತೊಡಕು ಉಳಿಯಬಹುದು. ಹಳೇ ಕೇಂದ್ರದ ಪಟ್ಟಿಯಿಂದ ಹೆಸರು ತೆಗೆಯದಿದ್ದರೆ ಅಲ್ಲಿ ಗೈರುಹಾಜರಿ ದಾಖಲಾಗಿ, ಫಲಿತಾಂಶದಲ್ಲೂ ಹಾಗೆಯೇ ಕಾಣಿಸಿಕೊಳ್ಳುವ ಸಾಧ್ಯತೆಯಿದೆ. ಮೇಲ್ವಿಚಾರಕರ ಸಹಿಯಿರುವ ಪ್ರವೇಶ ಪತ್ರವನ್ನೂ ಒಪ್ಪಿಗೆಯ ಇಮೇಲನ್ನೂ ಅಂಕಪಟ್ಟಿ ಕೈಸೇರುವವರೆಗೆ ಜೋಪಾನವಾಗಿಟ್ಟಿದ್ದರೆ, ಅವನ್ನೇ ಲಗತ್ತಿಸಿ ತಿದ್ದುಪಡಿ ಕೇಳಬಹುದು.