ಮುಖ ನೋಡಿ ಮಣೆ

ವೈಟ್‌ಫೀಲ್ಡಿನ ದೊಡ್ಡ ಹೋಟೆಲುಗಳಲ್ಲಿ ನಡೆಯುವ ಚಾರಿಟಿ ಡಿನ್ನರ್‌ಗಳಿಗೆ ಒಂದು ಕ್ರಮವಿದೆ. ಮೊದಲು ಸೂಪು, ಸ್ಟಾರ್ಟರ್ ಬರುತ್ತವೆ. ನಂತರ ದೀಪಗಳು ಮಂದವಾಗಿ ಮೂರು ನಿಮಿಷದ ಒಂದು ವೀಡಿಯೊ ಓಡುತ್ತದೆ. ದೀಪ ಮತ್ತೆ ಹೊತ್ತುವಷ್ಟರಲ್ಲಿ ಟೇಬಲ್ಲಿನ ಮೇಲೆ ಪ್ಲೆಡ್ಜ್ ಕಾರ್ಡು, ಪೆನ್ನು, ಕ್ಯೂಆರ್ ಕೋಡ್ ಬಂದಿರುತ್ತವೆ. ಊಟ ಬಡಿಸುವುದು ಆಮೇಲೆ. ಹೊಟ್ಟೆ ತುಂಬಿದವರ ಮನಸ್ಸು ಮಾರತ್ತಹಳ್ಳಿಯ ಟ್ರಾಫಿಕ್ಕಿನ ಕಡೆ ಹೋಗಿಬಿಡುತ್ತದೆ ಎಂಬುದು ವ್ಯವಸ್ಥಾಪಕರಿಗೆ ಗೊತ್ತು.

ಆ ಮೂರು ನಿಮಿಷದಲ್ಲಿ ಏನು ತೋರಿಸಬೇಕು? ಪೀಣ್ಯದಲ್ಲಿ ಪವರ್ ಪ್ರೆಸ್ಸಿಗೆ ಸಿಕ್ಕಿ ಬೆರಳು ಕಳೆದುಕೊಂಡವರಿಗೆ ನೆರವಾಗುವ ಒಂದು ಸಣ್ಣ ಸಂಸ್ಥೆ ಇದೆ ಎಂದುಕೊಳ್ಳೋಣ. ಸಂಸ್ಥೆಯೂ ಅದು ನೆರವಾಗುವ ಕೆಲಸಗಾರನೂ ನನ್ನ ಕಲ್ಪನೆ, ಆದರೆ ಪ್ರೆಸ್ಸು ಕಲ್ಪನೆಯಲ್ಲ. ತಗಡನ್ನು ಅಚ್ಚಿನ ಮೇಲಿಟ್ಟು ಪೆಡಲ್ ಒತ್ತಿದರೆ ಮೇಲಿನ ಡೈ ಟನ್‌ಗಟ್ಟಲೆ ಬಲದಿಂದ ಇಳಿಯುತ್ತದೆ. ಕೈ ಒಳಗಿದ್ದಾಗಲೇ ಅದು ಇಳಿದರೆ ಬೆರಳು ಹೋಯಿತು. ಸಂಸ್ಥೆಯವರ ಮುಂದೆ ಎರಡು ದಾರಿಗಳಿವೆ. ಒಂದು, ವರ್ಷಕ್ಕೆ ಎಷ್ಟು ಮಂದಿ ಗಾಯಗೊಂಡರು, ಎಷ್ಟು ಮಂದಿಗೆ ಇಎಸ್‌ಐ ಪರಿಹಾರ ಸಿಕ್ಕಿತು ಎಂಬ ಸ್ಲೈಡು. ಇನ್ನೊಂದು, ಬಲಗೈಯ ಮೂರು ಬೆರಳಿಲ್ಲದ ಒಬ್ಬ ಅಪ್ಪ ಮತ್ತು ಬೆಳಿಗ್ಗೆ ಅವನ ಅಂಗಿಯ ಗುಂಡಿ ಹಾಕಿಕೊಡುವ ಏಳು ವರ್ಷದ ಮಗಳು.

ನಿಧಿ ಸಂಗ್ರಹದಲ್ಲಿ ಪಳಗಿದವರು ಕಣ್ಣು ಮುಚ್ಚಿಕೊಂಡು ಮಗಳನ್ನೇ ಆರಿಸುತ್ತಾರೆ. ಅವರ ಆಯ್ಕೆಯ ಹಿಂದೆ ಅನುಭವವಷ್ಟೇ ಅಲ್ಲ, ಒಂದು ಹೆಸರಾಂತ ಪ್ರಯೋಗವೂ ಇದೆ. ಡೆಬೋರಾ ಸ್ಮಾಲ್, ಜಾರ್ಜ್ ಲೋವೆನ್‌ಸ್ಟೀನ್ ಮತ್ತು ಪಾಲ್ ಸ್ಲೋವಿಕ್ ಎಂಬ ಅಮೆರಿಕದ ಸಂಶೋಧಕರು 2007ರಲ್ಲಿ ಅದನ್ನು ಪ್ರಕಟಿಸಿದರು. ಸಂಬಂಧವೇ ಇಲ್ಲದ ಒಂದು ಪ್ರಶ್ನಾವಳಿ ತುಂಬಿದ್ದಕ್ಕೆ ಪ್ರತಿಯೊಬ್ಬರ ಕೈಗೂ ಒಂದೊಂದು ಡಾಲರಿನ ಐದು ನೋಟು ಬಂತು, ಜೊತೆಗೆ ದಾನ ಕೇಳುವ ಒಂದು ಪತ್ರವೂ ಬಂತು. ಕೆಲವರ ಪತ್ರದಲ್ಲಿ ಮಾಲಿ ದೇಶದ ರೋಕಿಯಾ ಎಂಬ ಏಳು ವರ್ಷದ ಹುಡುಗಿಯ ಫೋಟೊ ಮತ್ತು ಅವಳ ಬಡತನದ ನಾಲ್ಕು ಸಾಲು ಇದ್ದವು. ಕೆಲವರ ಪತ್ರದಲ್ಲಿ ಆಫ್ರಿಕಾದ ಕೆಲವು ದೇಶಗಳಲ್ಲಿ ಎಷ್ಟು ಲಕ್ಷ ಜನ ಹಸಿದಿದ್ದಾರೆ ಎಂಬ ಲೆಕ್ಕವಷ್ಟೇ ಇತ್ತು. ರೋಕಿಯಾಳನ್ನು ನೋಡಿದವರು ಸರಾಸರಿ 2.38 ಡಾಲರ್ ಕೊಟ್ಟರು, ಲೆಕ್ಕ ಓದಿದವರು 1.14 ಡಾಲರ್.

ಇಷ್ಟನ್ನು ನಮ್ಮ ಅಜ್ಜಿಯರೂ ಊಹಿಸುತ್ತಿದ್ದರು. ಅವರು ಊಹಿಸಲಾಗದಿದ್ದದ್ದು ಮೂರನೆಯ ಗುಂಪಿನಲ್ಲಿ ನಡೆಯಿತು. ಈ ಗುಂಪಿಗೆ ರೋಕಿಯಾಳ ಕಥೆ, ಅಂಕಿಅಂಶ ಎರಡನ್ನೂ ಕೊಟ್ಟಿದ್ದರು. ಎರಡೂ ಸೇರಿದರೆ ದಾನ ಇನ್ನಷ್ಟು ಏರಬೇಕಲ್ಲವೇ? ಅದು 1.43ಕ್ಕೆ ಇಳಿಯಿತು. ಲೆಕ್ಕವು ಹುಡುಗಿಯ ಮುಖಕ್ಕೆ ಬಲ ಕೊಡುವ ಬದಲು ಅದನ್ನು ಮಸುಕು ಮಾಡಿತು.

ಕಾರಣ ಹುಡುಕಲು ಅವರು ಇನ್ನೊಂದು ಪ್ರಯೋಗ ಮಾಡಿದರು. ಪತ್ರ ಓದುವ ಮೊದಲು ಕೆಲವರಿಗೆ ಸಣ್ಣ ಲೆಕ್ಕಗಳನ್ನು ಬಿಡಿಸಲು ಕೊಟ್ಟರು. ನಿಮಿಷಕ್ಕೆ ಐದು ಅಡಿ ಚಲಿಸುವ ವಸ್ತು 360 ಸೆಕೆಂಡಿನಲ್ಲಿ ಎಷ್ಟು ದೂರ ಹೋಗುತ್ತದೆ ಎಂಬಂಥವು. ಉಳಿದವರಿಗೆ ‘ಮಗು’ ಎಂಬ ಪದ ಕೇಳಿದಾಗ ಏನನ್ನಿಸುತ್ತದೆ ಎಂದು ಕೇಳಿದರು. ಲೆಕ್ಕ ಬಿಡಿಸಿ ಬಂದವರು ರೋಕಿಯಾಳಿಗೆ ಕೊಟ್ಟದ್ದು ಉಳಿದವರು ಕೊಟ್ಟದ್ದರ ಅರ್ಧದಷ್ಟು. ಆ ಲೆಕ್ಕಕ್ಕೂ ಹಸಿವಿಗೂ ಸಂಬಂಧವೇ ಇರಲಿಲ್ಲ ಎಂಬುದನ್ನು ಗಮನಿಸಿ. ಲೆಕ್ಕ ಹಾಕುವ ಮನಸ್ಥಿತಿಗೆ ಹೊರಳಿದ್ದೇ ಸಾಕಾಯಿತು. ಅಂಕಿ ಓದಿದವರಲ್ಲಿ ಮಾತ್ರ ಯಾವ ಪ್ರಶ್ನೆ ಕೇಳಿದರೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಎಂದರೆ ಯೋಚಿಸಿದ್ದರಿಂದ ಲಕ್ಷಾಂತರ ಜನರ ಮೇಲಿನ ಕರುಣೆ ಹೆಚ್ಚಲಿಲ್ಲ, ಒಬ್ಬಳ ಮೇಲಿನದು ಕಡಿಮೆಯಾಯಿತು ಅಷ್ಟೆ. ದಿನವಿಡೀ ಸ್ಪ್ರೆಡ್‌ಶೀಟಿನ ಮುಂದೆ ಕೂತು ನೇರವಾಗಿ ಡಿನ್ನರ್‌ಗೆ ಬಂದವರ ಮುಂದೆ ಮೊದಲ ಸ್ಲೈಡಿಗೇ ಬಾರ್ ಚಾರ್ಟ್ ಹಾಕುವ ಸಂಸ್ಥೆಗಳನ್ನು ನೆನೆದು ನನಗೆ ನಗು ಬಂತು.

ಇದಕ್ಕೆ ಸಂಶೋಧಕರು ‘ಗುರುತು ಸಿಕ್ಕ ಸಂತ್ರಸ್ತರ ಪರಿಣಾಮ’ ಎನ್ನುತ್ತಾರೆ. ಮುಖ ನೋಡಿ ಮಣೆ ಹಾಕುವುದು ಎಂದರೆ ನಮಗೆ ಬೇಗ ತಿಳಿಯುತ್ತದೆ.

ಬೆಂಗಳೂರಿನ ಹೊರವಲಯದ ಇನ್ನೊಂದು ತುದಿಯಲ್ಲಿ, ಎಲೆಕ್ಟ್ರಾನಿಕ್ ಸಿಟಿ ದಾಟಿದರೆ ಸಿಗುವ ಬೊಮ್ಮಸಂದ್ರದಲ್ಲಿ, 2003ರ ಬೇಸಿಗೆ ಕಳೆದ ಮೇಲೆ ಮುಖವೂ ಲೆಕ್ಕವೂ ಅಕ್ಕಪಕ್ಕ ನಿಂತಿದ್ದವು. ಸಂಸತ್ತಿನ ಮೇಲಿನ ದಾಳಿಯ ನಂತರ ನಿಂತುಹೋಗಿದ್ದ ದೆಹಲಿ–ಲಾಹೋರ್ ಬಸ್ಸು ಆ ಜುಲೈಯಲ್ಲಿ ಮತ್ತೆ ಓಡಿತು. ಅದರಲ್ಲಿ ಹೃದಯದಲ್ಲಿ ರಂಧ್ರವಿದ್ದ, ಇನ್ನೂ ಮೂರು ತುಂಬದ ಒಂದು ಹೆಣ್ಣುಮಗು ತಂದೆತಾಯಿಯ ಜೊತೆ ಬಂದಿಳಿಯಿತು. ಅವರು ಹೊರಟಿದ್ದು ಬೊಮ್ಮಸಂದ್ರದ ನಾರಾಯಣ ಹೃದಯಾಲಯಕ್ಕೆ. ಪತ್ರಿಕೆಗಳು ಅವಳನ್ನು ಬೇಬಿ ನೂರ್ ಎಂದು ಕರೆದವು. ಶಸ್ತ್ರಚಿಕಿತ್ಸೆ ಯಶಸ್ವಿಯಾಯಿತು. ಅಷ್ಟರಲ್ಲಿ ದೇಶದ ಮೂಲೆಮೂಲೆಯಿಂದ ಆಟಿಕೆ, ಹಾರೈಕೆ, ಹಣ ಎಲ್ಲವೂ ಬರತೊಡಗಿದ್ದವು. ಅವಳಿಗಿದ್ದ ತೊಂದರೆ ಅಪರೂಪದ್ದಲ್ಲ. ಹುಟ್ಟುವ ಪ್ರತಿ ಸಾವಿರ ಶಿಶುಗಳಲ್ಲಿ ಎಂಟು–ಒಂಬತ್ತಕ್ಕೆ ಹೃದಯದ ಏನಾದರೊಂದು ದೋಷವಿರುತ್ತದೆ, ಅದರಲ್ಲಿ ರಂಧ್ರದ್ದೇ ಹೆಚ್ಚು. ಅಂಥ ಮಕ್ಕಳು ನಮ್ಮ ತಾಲ್ಲೂಕುಗಳಲ್ಲೂ ಇದ್ದರು. ಅವರು ಯಾವ ಬಸ್ಸಿನಲ್ಲೂ ಬಂದಿಳಿಯಲಿಲ್ಲ.

ಆ ಮಕ್ಕಳಿಗೂ, ಅವರ ಅಪ್ಪ ಅಮ್ಮಂದಿರಿಗೂ ಬೇರೊಂದು ಬಾಗಿಲು ಹೆಚ್ಚು ಕಡಿಮೆ ಅದೇ ಹೊತ್ತಿಗೆ ತೆರೆದಿತ್ತು. ಆ ಆಸ್ಪತ್ರೆಯ ಡಾ. ದೇವಿ ಶೆಟ್ಟಿಯವರ ಆಲೋಚನೆಯಿಂದ ಹುಟ್ಟಿದ ಯಶಸ್ವಿನಿ ಯೋಜನೆ 2003ರ ಜೂನ್‌ನಲ್ಲಿ ಜಾರಿಗೆ ಬಂತು. ಸಹಕಾರಿ ಸಂಘದ ಸದಸ್ಯ ರೈತ ತಿಂಗಳಿಗೆ ಐದು ರೂಪಾಯಿಯಂತೆ ವರ್ಷಕ್ಕೆ 60 ರೂಪಾಯಿ ಕಟ್ಟಬೇಕಿತ್ತು, ಶಸ್ತ್ರಚಿಕಿತ್ಸೆ ಬೇಕಾದಾಗ ಖರ್ಚು ನಿಧಿಯಿಂದ ಹೋಗುತ್ತಿತ್ತು. ಮೊದಲ ವರ್ಷ ಸುಮಾರು 16 ಲಕ್ಷ ಜನ ಸೇರಿದರು. ಗುಣಿಸಿ ನೋಡಿ, 9.6 ಕೋಟಿ ರೂಪಾಯಿ. ಸರ್ಕಾರವೂ ಒಂದಿಷ್ಟು ಸೇರಿಸಿತು. ಇಲ್ಲಿ ಯಾರ ಫೋಟೊವನ್ನೂ ತೋರಿಸಬೇಕಿರಲಿಲ್ಲ. ಕೊಡುವವನೇ ನಾಳೆ ಪಡೆಯುವವನಾಗಬಹುದಾದ್ದರಿಂದ ಕರುಣೆಯ ಕೆಲಸವನ್ನು ಸ್ವಂತ ಭಯವೇ ಮಾಡಿತು. ವೈಟ್‌ಫೀಲ್ಡಿನ ಡಿನ್ನರ್‌ಗೆ ಈ ಅನುಕೂಲ ಇಲ್ಲ. ಅಲ್ಲಿ ಕೂತ ಯಾರ ಬೆರಳೂ ಪ್ರೆಸ್ಸಿನ ಹತ್ತಿರ ಹೋಗುವುದಿಲ್ಲ. ಅದಕ್ಕೇ ಅಲ್ಲಿ ಮುಖ ಬೇಕಾಗುತ್ತದೆ.

ಹಾಗಾದರೆ ಮುಖ ತೋರಿಸಿದರೆ ಸಾಕೇ? ರೋಕಿಯಾಳ ಪ್ರಯೋಗ ಹೇಳುವಷ್ಟು ದೊಡ್ಡ ವ್ಯತ್ಯಾಸ ಎಲ್ಲ ಕಡೆ ಸಿಗುವುದಿಲ್ಲ. ಸೆಯೊಂಗ್ ಲೀ ಮತ್ತು ಥಾಮಸ್ ಫೀಲಿ ಇಂಥ ಹತ್ತಾರು ಪ್ರಯೋಗಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಪರಿಣಾಮ ತೀರಾ ಸಣ್ಣದಾಗಿತ್ತು. ಮೊಟಕಾಗಿ ಹೇಳುವುದಾದರೆ, ಕಥೆ ಕೇಳಿದ ನೂರು ಜನರಲ್ಲಿ 52–53 ಮಂದಿ ನಡುಮಟ್ಟಕ್ಕಿಂತ ಹೆಚ್ಚು ಕೊಟ್ಟರೆ, ಲೆಕ್ಕ ಕೇಳಿದ ನೂರರಲ್ಲಿ 47–48 ಮಂದಿ ಕೊಡುತ್ತಾರೆ. ಇನ್ನೊಂದು ತಂಡ ಈಚೆಗೆ 2007ರ ಅಧ್ಯಯನದ ಒಂದು ಪ್ರಯೋಗವನ್ನು ಸುಮಾರು ಸಾವಿರ ಜನರೊಂದಿಗೆ ಮತ್ತೆ ಮಾಡಿದಾಗ ಪರಿಣಾಮ ಕಾಣಲೇ ಇಲ್ಲ. ಲೀ ಮತ್ತು ಫೀಲಿಯವರ ಲೆಕ್ಕದಲ್ಲಿ ಮುಖ ಹೆಚ್ಚು ಕೆಲಸ ಮಾಡಿದ್ದು ಕೆಲವು ಷರತ್ತುಗಳು ಕೂಡಿ ಬಂದಾಗ. ಅದು ಒಂದೇ ಮಗುವಿನ ಮುಖವಾಗಿರಬೇಕು, ಫೋಟೊ ಇರಬೇಕು, ತೊಂದರೆ ಬಡತನದ್ದಾಗಿರಬೇಕು, ಅದಕ್ಕೆ ಆ ವ್ಯಕ್ತಿಯೇ ಕಾರಣ ಅನ್ನಿಸಬಾರದು.

ಕೊನೆಯ ಷರತ್ತೇ ನಮ್ಮ ಪೀಣ್ಯದ ಅಪ್ಪನನ್ನು ಪರದೆಯಿಂದ ಹೊರಗೆ ನೂಕುತ್ತದೆ. ಅವನ ಕಥೆಯನ್ನು ಪೂರ್ತಿ ಹೇಳಿದರೆ ಒಂದು ಇಕ್ಕಟ್ಟಿನ ಸಂಗತಿ ಹೊರಬೀಳುತ್ತದೆ. ಕೆಲವು ಪ್ರೆಸ್ಸುಗಳಲ್ಲಿ ಎರಡು ಗುಂಡಿಗಳಿರುತ್ತವೆ, ಎರಡು ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಡೈ ಇಳಿಯುತ್ತದೆ, ಹೀಗಾಗಿ ಕೈ ಒಳಗೆ ಉಳಿಯುವ ಹಾಗೇ ಇಲ್ಲ. ಆದರೆ ಪೀಸ್ ಲೆಕ್ಕದಲ್ಲಿ ಕೂಲಿ ಬರುವಾಗ ಒಂದು ಗುಂಡಿಯನ್ನು ಒತ್ತಿಟ್ಟು ಕಟ್ಟಿಬಿಟ್ಟರೆ ಕೆಲಸ ಬೇಗ ಸಾಗುತ್ತದೆ. ಕಟ್ಟಿದವನು ಅವನೇ ಎಂದುಕೊಳ್ಳಿ. ‘ತಾನೇ ಮಾಡಿಕೊಂಡದ್ದು’ ಎಂಬ ಮಾತು ಟೇಬಲ್ಲಿನಲ್ಲಿ ಒಬ್ಬರ ತುಟಿಗೆ ಬಂದರೂ ಕಾರ್ಡು ಮಗುಚಿಕೊಳ್ಳುತ್ತದೆ. ಟಾರ್ಗೆಟ್ ಇಟ್ಟವರು ಯಾರು, ಕಟ್ಟಿದ್ದನ್ನು ಕಂಡೂ ಸುಮ್ಮನಿದ್ದ ಸೂಪರ್‌ವೈಸರ್ ಯಾರು ಎಂದು ಮೂರು ನಿಮಿಷದಲ್ಲಿ ವಿವರಿಸಲು ಆಗುವುದಿಲ್ಲ. ಅದಕ್ಕೇ ಕ್ಯಾಮೆರಾ ಮಗಳ ಕಡೆ ತಿರುಗುತ್ತದೆ. ಇದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಅವಳ ಮುಖ ತೋರಿಸಲು ಒಪ್ಪಿಗೆ ಕೊಡುವವನು ನೆರವು ಬೇಕಾದ ಅಪ್ಪನೇ, ಅವನು ‘ಬೇಡ’ ಎನ್ನುವುದು ಎಷ್ಟು ಕಷ್ಟ ಎಂಬುದನ್ನೂ ಯೋಚಿಸಬೇಕು.

ಮಾರನೇ ದಿನ ಸಂಸ್ಥೆಯವರು ‘ಈ ಸಲ ಕಥೆ ಹೇಳಿದೆವು, ಕಳೆದ ವರ್ಷಕ್ಕಿಂತ ದುಪ್ಪಟ್ಟು ಬಂತು’ ಎನ್ನುತ್ತಾರೆ. ಇದನ್ನು ನಂಬುವ ಮುನ್ನ ಕೆಲವು ಪ್ರಶ್ನೆ ಕೇಳಬೇಕು. ದುಪ್ಪಟ್ಟಾದದ್ದು ಇನ್ನೂರು ಜನರಿಂದಲೋ, ಐದು ಲಕ್ಷ ಬರೆದ ಒಬ್ಬರಿಂದಲೋ? ಪಕ್ಕದ ಟೇಬಲ್ಲಿನವರು ಕೈ ಎತ್ತಿದ್ದನ್ನು ನೋಡಿ ಎಷ್ಟು ಜನ ಎತ್ತಿದರು? ಅರ್ಧ ಟೇಬಲ್ಲುಗಳಿಗೆ ಕಥೆಯ ಕಾರ್ಡು, ಇನ್ನರ್ಧಕ್ಕೆ ಅಂಕಿಯ ಕಾರ್ಡು ಎಂದು ಚೀಟಿ ಎತ್ತಿ ಹಂಚಿದರೂ ಸಾಲದು. ಒಂದೇ ಟೇಬಲ್ಲಿನ ಹತ್ತು ಜನ ಒಬ್ಬರನ್ನೊಬ್ಬರು ನೋಡಿಕೊಂಡು ಬರೆಯುವುದರಿಂದ ಕೈಯಲ್ಲಿರುವುದು ಇನ್ನೂರು ಉತ್ತರಗಳಿಗಿಂತ ಇಪ್ಪತ್ತಕ್ಕೆ ಹತ್ತಿರ. ಲೀ ಮತ್ತು ಫೀಲಿ ಕಂಡಷ್ಟು ಸಣ್ಣ ವ್ಯತ್ಯಾಸವನ್ನು ಭರವಸೆಯಿಂದ ಹಿಡಿಯಲು ಸುಮಾರು ಮೂರು ಸಾವಿರ ಜನ ಬೇಕು, ಅದೂ ಒಬ್ಬರ ಉತ್ತರ ಇನ್ನೊಬ್ಬರ ಕಣ್ಣಿಗೆ ಬೀಳದಂತೆ. ಯಾವ ಬಾಂಕ್ವೆಟ್ ಹಾಲೂ ಅಷ್ಟು ದೊಡ್ಡದಲ್ಲ. ಹಳೆಯ ದಾನಿಗಳ ಪಟ್ಟಿಯನ್ನು ಚೀಟಿಯಿಂದ ಎರಡು ಭಾಗ ಮಾಡಿ ವಾಟ್ಸ್‌ಆ್ಯಪಿನಲ್ಲಿ ಎರಡು ಬಗೆಯ ಮನವಿ ಕಳಿಸಿ, ಯಾರು ಮುಂದಿನ ವರ್ಷವೂ ಕೊಟ್ಟರು ಎಂದು ನೋಡುವುದು ಮೇಲು.

ಈ ಡಿನ್ನರ್‌ಗಳ ಕಥೆಗೆ ಇನ್ನೊಂದು ತಿರುವೂ ಇದೆ. ಅಲ್ಲಿ ಕೂತು ಕಣ್ಣೊರೆಸಿಕೊಂಡವರೇ ಸೋಮವಾರ ತಮ್ಮ ಕಂಪನಿಯ ಸಿಎಸ್‌ಆರ್ ಸಮಿತಿಯಲ್ಲಿ ಕೂರುತ್ತಾರೆ. 2013ರ ಕಂಪನಿ ಕಾಯ್ದೆಯ ಪ್ರಕಾರ ಒಂದು ಮಟ್ಟಕ್ಕಿಂತ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಆ ಸಮಿತಿಗೆ ಬೇಕಾದದ್ದು ಎಷ್ಟು ಜನ, ತಲೆಗೆ ಎಷ್ಟು ರೂಪಾಯಿ, ಏನು ಬದಲಾಯಿತು ಎಂಬ ಲೆಕ್ಕ. ಇಸ್ರೇಲಿನ ಟೆಹಿಲಾ ಕೊಗುಟ್ ಮತ್ತು ಇಲಾನಾ ರಿಟೊವ್ 2005ರಲ್ಲಿ ಕಂಡದ್ದು ಇದಕ್ಕೆ ಹೊಂದುತ್ತದೆ. ರೋಗಿ ಮಗು ಒಂದನ್ನೇ ತೋರಿಸಿದಾಗ ಅದಕ್ಕೆ, ಎಂಟು ಮಕ್ಕಳ ಗುಂಪನ್ನೇ ತೋರಿಸಿದಾಗ ಗುಂಪಿಗೆ ಸಿಕ್ಕಿದ್ದಕ್ಕಿಂತ ಹೆಚ್ಚು ದಾನ ಸಿಕ್ಕಿತು. ಒಂದನ್ನೂ ಎಂಟನ್ನೂ ಒಟ್ಟಿಗೆ ಮುಂದಿಟ್ಟು ಆರಿಸಲು ಹೇಳಿದಾಗ ಒಲವು ಗುಂಪಿನ ಕಡೆ ತಿರುಗಿತು. ಡಿನ್ನರ್‌ನಲ್ಲಿ ಒಂದು ಮುಖ ಮಾತ್ರ ಇರುತ್ತದೆ, ಸಮಿತಿಯ ಮೇಜಿನ ಮೇಲೆ ಹತ್ತು ಅರ್ಜಿ ಅಕ್ಕಪಕ್ಕ ಇರುತ್ತವೆ.

ಹೀಗಾಗಿ ನಮ್ಮ ಸಂಸ್ಥೆ ಡಿನ್ನರ್ ಕಾರ್ಡಿನಲ್ಲಿ ಅಂಕಿ ಹಾಕದೆ, ಅದನ್ನು ಸೋಮವಾರದ ಕಡತಕ್ಕೆ ಉಳಿಸಿಕೊಳ್ಳುವುದು ಸರಿ ಎಂದೇ ನನ್ನ ಲೆಕ್ಕ. ಒಂದು ತೊಡಕು ಮಾತ್ರ ಹಾಗೇ ಉಳಿಯುತ್ತದೆ. ಬೆರಳು ಹೋದವನಿಗೆ ಹೊಲಿಗೆ, ಪರಿಹಾರ, ತರಬೇತಿ ಕೊಡುವುದಕ್ಕಿಂತ, ಕೈ ಅಡ್ಡ ಬಂದ ಕೂಡಲೇ ಪ್ರೆಸ್ಸು ನಿಲ್ಲಿಸುವ ಬೆಳಕಿನ ಸೆನ್ಸರ್ ಅಳವಡಿಸಲು ಸಣ್ಣ ಕಾರ್ಖಾನೆಗಳಿಗೆ ನೆರವಾದರೆ ಹೆಚ್ಚು ಬೆರಳು ಉಳಿಯುತ್ತವೆ. ಆದರೆ ಅದಕ್ಕೆ ತೋರಿಸಲು ಮುಖವಿಲ್ಲ. ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್ 1968ರಲ್ಲೇ ಇದನ್ನು ಗುರುತಿಸಿದ್ದರು. ಶಸ್ತ್ರಚಿಕಿತ್ಸೆ ಬೇಕಾದ ಒಬ್ಬ ಹುಡುಗಿಗೆ ಅಂಚೆಯಲ್ಲಿ ಚಿಲ್ಲರೆ ಹರಿದು ಬರುತ್ತದೆ, ತೆರಿಗೆ ಇಲ್ಲದೆ ಆಸ್ಪತ್ರೆಗಳು ಸೊರಗಿ ಸಾವು ಹೆಚ್ಚಿದರೆ ಹೆಚ್ಚು ಜನ ಕಣ್ಣೀರಿಡುವುದಿಲ್ಲ ಎಂಬುದು ಅವರ ಮಾತಿನ ತಾತ್ಪರ್ಯ. ಸೆನ್ಸರ್‌ಗೆ ಹಣ ಕೇಳುವ ವೀಡಿಯೊದಲ್ಲಿ ಯಾರನ್ನು ತೋರಿಸುವುದು? ಅದರಿಂದ ಉಳಿಯುವ ಬೆರಳಿನ ಮಾಲೀಕ ಈಗ ಎರಡನೇ ಪಾಳಿಯಲ್ಲಿ ತಗಡು ಇಡುತ್ತಿದ್ದಾನೆ, ಹತ್ತೂ ಬೆರಳು ಸರಿಯಾಗಿವೆ. ಅವನು ಯಾರೆಂದು ಅವನಿಗೂ ಗೊತ್ತಿಲ್ಲ.